ಗುರುವಿನ ಪರವಾಗಿ ಐದು ನಿಮಿಷ

ದಡ್ಡ ಹುಡುಗರಿಂದ ಮಾಸ್ತರರಿಗೆ ಎಂದೂ ತೊಂದರೆಯಿಲ್ಲ. ಬೈಯಬಹುದು, ಬೆಂಚಿನ ಮೇಲೆ ನಿಲ್ಲಿಸಬಹುದು, ತಪ್ಪೆಲ್ಲ ಅವರ ತಲೆಯದೇ ಎಂದು ನೆಮ್ಮದಿಯಾಗಿ ಇರಬಹುದು. ತಾಪತ್ರಯವೆಲ್ಲ ಜಾಣರದು. ಅದರಲ್ಲೂ ನಾವು ಕಲಿಸದಿದ್ದರೂ ನಮ್ಮಿಂದಲೇ ಕಲಿತುಬಿಡುವ ಜಾಣರು ಇರುತ್ತಾರಲ್ಲ, ಅವರು ಮಾಸ್ತರನ ಬಣ್ಣ ಬಯಲು ಮಾಡಲೆಂದೇ ಹುಟ್ಟಿದವರು. ಅಂಥವನೊಬ್ಬ ನನಗೂ ಗಂಟು ಬಿದ್ದಿದ್ದ.

ಆಗಿನ್ನೂ ಮುಂಬೈ ಸರಕಾರದ ಕಾಲ. ಹುಬ್ಬಳ್ಳಿಯ ಒಂದು ಹೈಸ್ಕೂಲಿನಲ್ಲಿ ನಾನು ಹಂಗಾಮಿ ಮಾಸ್ತರನಾಗಿದ್ದೆ. ಹಂಗಾಮಿ ಎಂದರೆ ಜೂನ್ ತಿಂಗಳಲ್ಲಿ ಬಾ ಎನ್ನುತ್ತಾರೆ, ಏಪ್ರಿಲ್‌ನಲ್ಲಿ ಏನೂ ಅನ್ನುವುದಿಲ್ಲ. ಶಾಲೆಯ ಕಮಿಟಿಯ ಅಧ್ಯಕ್ಷರು ರಾವಸಾಹೇಬರು. ಅವರ ಮಗ ವಸಂತ ನನ್ನ ಮನೆಗೇ ಪಾಠಕ್ಕೆ ಬರುತ್ತಿದ್ದ. ಹುಡುಗ ಕೆಟ್ಟವನಲ್ಲ, ಹೇಳಿಕೊಟ್ಟದ್ದನ್ನು ಹೇಳಿಕೊಟ್ಟಷ್ಟೇ ಹೇಳುವನು. ಒಮ್ಮೆ ರಾವಸಾಹೇಬರ ಮನೆಯಲ್ಲಿ ಚಹಾ ಕುಡಿದ ಭರದಲ್ಲಿ, "ಈ ವರ್ಷದ ಚರ್ಚಾಸ್ಪರ್ಧೆಯೊಳಗ ನಿಮ್ಮ ವಸಂತನ್ನ ಮೀರಿಸೋ ಹುಡುಗ ಇಲ್ರಿ" ಎಂದುಬಿಟ್ಟೆ. ಅವರು ನಕ್ಕು, "ನಿಮ್ಮ ನೌಕರಿ ಕಾಯಂ ಮಾಡೋ ವಿಷಯಾನೂ ಕಮಿಟಿ ಮುಂದ ಅದ, ಮಾಸ್ತರ" ಎಂದರು. ಎರಡು ಮಾತುಗಳಿಗೂ ಸಂಬಂಧವಿದೆ ಎಂದು ಅವರು ಹೇಳಲಿಲ್ಲ; ನಾನೇ ಗಂಟು ಹಾಕಿಕೊಂಡೆ.

ಆ ವರ್ಷದ ವಿಷಯ, ಶಿಷ್ಯನ ಹೆಬ್ಬೆರಳು ಕೇಳಿದ ಗುರುವಿನದು ನ್ಯಾಯವೋ ಅನ್ಯಾಯವೋ ಎಂಬುದು. ಕಥೆ ನಿಮಗೆ ಗೊತ್ತು. ಆದರೂ ಹೇಳುತ್ತೇನೆ, ಗೊತ್ತಿದ್ದವರಿಗೆ ಮತ್ತೆ ಹೇಳುವುದೇ ನನ್ನ ಉದ್ಯೋಗ. ಬೇಡರ ಹುಡುಗನೊಬ್ಬ ಬಿಲ್ಲುವಿದ್ಯೆ ಕಲಿಯಲು ಬಂದ. ರಾಜಕುಮಾರರ ಜೊತೆ ಕೂಡ್ರುವ ಕುಲ ನಿನ್ನದಲ್ಲವೆಂದು ಗುರು ಕಳಿಸಿದ. ಹುಡುಗ ಕಾಡಿನಲ್ಲಿ ಮಣ್ಣಿನ ಗುರುವನ್ನು ಮಾಡಿಟ್ಟುಕೊಂಡು ತಾನೇ ಕಲಿತ. ಒಂದು ದಿನ ರಾಜಕುಮಾರರ ನಾಯಿ ಅವನನ್ನು ಕಂಡು ಬೊಗಳಿತು. ಅದರ ಬಾಯಿಗೆ ಗಾಯವಾಗದಂತೆ ಏಳು ಬಾಣ ತುಂಬಿ ಸುಮ್ಮನಾಗಿಸಿದ. ನಿನ್ನನ್ನು ಮೀರಿಸುವ ಶಿಷ್ಯ ನನಗಿರಲಾರ ಎಂದು ಗುರು ಒಬ್ಬ ರಾಜಕುಮಾರನಿಗೆ ಮಾತು ಕೊಟ್ಟಿದ್ದ. ಆ ರಾಜಕುಮಾರ ಮುಖ ಸಣ್ಣ ಮಾಡಿದ. ಗುರು ಕಾಡಿಗೆ ಹೋಗಿ ದಕ್ಷಿಣೆಯೆಂದು ಬಲಗೈ ಹೆಬ್ಬೆರಳು ಕೇಳಿದ. ಹುಡುಗ ನಗುನಗುತ್ತ ಕೊಯ್ದು ಕೊಟ್ಟ. ಮುಂದೆಯೂ ಉಳಿದ ಬೆರಳುಗಳಿಂದ ಬಾಣ ಬಿಡುತ್ತಿದ್ದನಂತೆ, ಮೊದಲಿನ ವೇಗ ಮಾತ್ರ ಇರಲಿಲ್ಲ.

ಇದು ಅನ್ಯಾಯ ಎಂದು ವಾದಿಸುವುದು ಸುಲಭ. ಆದ್ದರಿಂದ ಆ ಪಕ್ಷ ವಸಂತನಿಗೆ. ಹೆಬ್ಬೆರಳಿನ ಬೆಲೆಯನ್ನು ಅವನಿಗೆ ಮನವರಿಕೆ ಮಾಡಿಕೊಡಬೇಕೆಂದು ನಾನು ಒಂದು ದಿನ ನನ್ನ ಬಲ ಹೆಬ್ಬೆರಳನ್ನು ಅಂಗೈಗೆ ಸೇರಿಸಿ ಬಟ್ಟೆ ಸುತ್ತಿಕೊಂಡೆ. ಕೋಟಿನ ಗುಂಡಿ ಹಾಕಲು ಆಗಲಿಲ್ಲ. ಧೋತರದ ಗಂಟು ಎರಡು ಸಲ ಕೈಕೊಟ್ಟಿತು. ಊಟಕ್ಕೆ ಕೂತರೆ ಜೋಳದ ರೊಟ್ಟಿ ಮುರಿಯದು. ಮುರಿದ ಚೂರಿಗೆ ಕಡಲೆಹಿಟ್ಟಿನ ಝುಣಕ ಹತ್ತದು. ನಾಲ್ಕು ಬೆರಳಿನಿಂದ ತುತ್ತನ್ನು ಬಾಯಿಯ ಕಡೆಗೆ ತಳ್ಳಿದೆ, ಅದು ಮೂಗಿಗೆ ಹೋಯಿತು. ನನ್ನಾಕೆ ಬಡಿಸುವುದನ್ನು ಬಿಟ್ಟು ನಿಂತಳು.

"ಏನಾಗೇದ್ರಿ ನಿಮಗ?"

ಹೇಳಿದೆ.

"ಅಯ್ಯ, ಬೆರಳು ಕಟ್ಟಿಕೊಂಡು ತಿಳಕೋಬೇಕೇನು? ದಿನಾ ಹೊರಗ ಕೂತು ನಿಮ್ಮ ಪಾಠ ಕೇಳತಾನಲ್ಲ, ಅವನ್ನ ಕೇಳ್ರಿ."

ಹೊರಗೆ ಕೂತವನು ಯಲ್ಲಪ್ಪ. ಸುಳ್ಳ ಎಂಬ ಹಳ್ಳಿಯ ಕಡೆಯ ಹುಡುಗ, ಹಾಸ್ಟೆಲಿನಲ್ಲಿದ್ದು ನಮ್ಮ ಶಾಲೆಗೆ ಬರುತ್ತಿದ್ದ. ಅವನ ಜಾತಿಯವರು ನಮ್ಮ ಓಣಿಯ ಮನೆಗಳ ಕಟ್ಟೆ ಹತ್ತುವ ಕಾಲ ಇನ್ನೂ ಬಂದಿರಲಿಲ್ಲ. ವಸಂತನಿಗೆ ನಾನು ಒಳಗೆ ಹೇಳಿಕೊಡುತ್ತಿದ್ದುದನ್ನು ಕಿಟಕಿಯ ಕೆಳಗೆ ಬೀದಿಯಲ್ಲಿ ಕೂತು ಒಂದೂವರೆ ತಿಂಗಳು ಕೇಳಿದ್ದ. ಸೆಖೆ ಎಂದು ನನ್ನಾಕೆ ಆ ಕಿಟಕಿಯನ್ನು ದಿನಾ ತೆರೆದಿಡುತ್ತಿದ್ದಳು. ಅದು ಡಿಸೆಂಬರ್ ತಿಂಗಳೆಂದು ನನಗೆ ಆಗ ಹೊಳೆಯಿತು.

ಮರುದಿನ ತರಗತಿಯಲ್ಲಿ ಅವನನ್ನು ಎಬ್ಬಿಸಿ ಮಾತಾಡಿಸಿದೆ. ನಾನು ವಸಂತನಿಗೆ ಕೊಟ್ಟ ಅಂಶಗಳನ್ನೇ ಹೇಳಿದ, ಆದರೆ ಅವು ನನ್ನವು ಎಂದು ಗುರುತು ಹಿಡಿಯುವುದು ಕಷ್ಟವಾಯಿತು, ಅಷ್ಟು ಚೆನ್ನಾಗಿದ್ದವು. ಅವನೂ ಸ್ಪರ್ಧೆಗೆ ಹೆಸರು ಕೊಟ್ಟಿದ್ದ; ಇನ್ನು ವಸಂತ ಗೆಲ್ಲುವ ಹಾಗಿರಲಿಲ್ಲ. ಗೆದ್ದವನಿಗೆ ಮುಂದಿನ ವರ್ಷದ ಫೀ ಮಾಫಿ. ಅದು ಸಿಗದಿದ್ದರೆ ಯಲ್ಲಪ್ಪ ಶಾಲೆ ಬಿಟ್ಟು ಊರಿಗೆ ಹೋಗಬೇಕು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸಂಜೆ ಶಾಲೆ ಬಿಟ್ಟ ಮೇಲೆ ಅವನನ್ನು ಮೈದಾನದ ಮೂಲೆಗೆ ಕರೆದೆ.

"ಯಲ್ಲಪ್ಪ, ನನ್ನ ಕಡಿಂದ ಕಲ್ತಿ ಅಲ್ಲೋ? ಹಂಗಾದ್ರ ನಾ ಒಂದು ಕೇಳ್ತೀನಿ. ನೀ ಗುರುವಿನ ಪರ ಮಾತಾಡು."

ಆ ಪಕ್ಷದಿಂದ ಯಾರೂ ಗೆಲ್ಲಲಾರರೆಂಬುದು ನನ್ನ ಲೆಕ್ಕ. ಹುಡುಗ ನನ್ನ ಮುಖವನ್ನು ಒಂದು ಗಳಿಗೆ ನೋಡಿದ. ಲೆಕ್ಕ ಅವನಿಗೂ ತಿಳಿಯಿತು.

"ಆತ್ರಿ ಮಾಸ್ತರ" ಎಂದ.

ಸ್ಪರ್ಧೆಯ ದಿನ ರಾವಸಾಹೇಬರು ಮುಂದಿನ ಕುರ್ಚಿಯಲ್ಲಿ. ಹೊರಗಿನಿಂದ ಬಂದ ಮೂವರು ತೀರ್ಪುಗಾರರು. ಒಬ್ಬೊಬ್ಬರಿಗೆ ಐದು ನಿಮಿಷ. ನಾಲ್ಕನೆಯ ನಿಮಿಷಕ್ಕೆ ಒಂದು ಸಲ ಗಂಟೆ, ಐದಕ್ಕೆ ಎರಡು ಸಲ. ಗಂಟೆ ಬಾರಿಸುವವನು ನಾನು. ವಸಂತ ಗುಂಡಿ, ಗಂಟು, ರೊಟ್ಟಿ ಎಲ್ಲವನ್ನೂ ಅಚ್ಚುಕಟ್ಟಾಗಿ ಒಪ್ಪಿಸಿದ. ಚಪ್ಪಾಳೆ ಬಿತ್ತು. ಆಮೇಲೆ ಯಲ್ಲಪ್ಪ ನಿಂತ.

"ಆ ಗುರುಗಳನ್ನ ಬೈಯೂದು ಸಸಾರ ಐತ್ರಿ. ಆದ್ರ ಅವರ ಮನಿ ನೋಡ್ರಿ. ಅವರ ಕೂಸು ಹಿಟ್ಟು ಕಲಸಿದ ನೀರನ್ನ ಹಾಲಂತ ಕುಡದು ಕುಣದಿತ್ತು. ಅಂಥಾ ಬಡತನದಾಗ ಅರಮನ್ಯಾಗ ಕೆಲಸಾ ಸಿಕ್ತು. ಅರಮನಿ ಹುಡುಗಗ ಒಂದು ಮಾತು ಕೊಟ್ರು. ಮಾತು ಉಳಿಸಿಕೊಂಡ್ರ ಶಿಷ್ಯನ ಬೆರಳು ಹೋಗ್ತೈತಿ, ಬಿಟ್ರ ತಮ್ಮ ಅನ್ನ ಹೋಗ್ತೈತಿ. ಅವರು ಕೆಟ್ಟವರಲ್ರಿ, ಅಂಜಿದವರು. ಬೆರಳು ಕೇಳೂದು ನ್ಯಾಯ ಅಲ್ಲ ಅಂತ ಅವರಿಗೂ ಗೊತ್ತಿತ್ತು. ಅದಕ್ಕ ಶಿಷ್ಯನ ಕಣ್ಣಾಗ ಕಣ್ಣಿಟ್ಟು ಕೇಳಿರಲಿಕ್ಕಿಲ್ಲ, ಎಲ್ಲೋ ಒಂದು ಮೂಲ್ಯಾಗ ಕರದು ನೆಲಾ ನೋಡಿಕೋತ ಕೇಳಿರಬೇಕು. ಅಂಥವರಿಗೆ ಶಿಕ್ಷಾ ಬ್ಯಾಡ್ರಿ. ಅವರ ನೌಕರಿ ಕಾಯಂ ಮಾಡ್ರಿ. ಆಮ್ಯಾಲ ಅವರು ಯಾರ ಬೆರಳೂ ಕೇಳಂಗಿಲ್ಲ."

ಸಭೆ ಗೊಳ್ಳೆಂದಿತು. ರಾವಸಾಹೇಬರ ಹೊಟ್ಟೆ ಕುಲುಕಾಡಿತು. ನಾಲ್ಕನೆಯ ನಿಮಿಷದ ಗಂಟೆ ಬಾರಿಸಲು ನನಗೆ ನೆನಪೇ ಆಗಲಿಲ್ಲ. ನನಗೆ ನಾಚಿಕೆಯಾಗಿತ್ತು, ಕೂತ ನೆಲ ಬಾಯಿ ಬಿಡಬಾರದೇ ಎನ್ನುವಷ್ಟು.

ಮೂವರು ತೀರ್ಪುಗಾರರೂ ಯಲ್ಲಪ್ಪನಿಗೇ ಬಹುಮಾನ ಕೊಟ್ಟರು. ರಾವಸಾಹೇಬರು ಅವನ ಬೆನ್ನು ತಟ್ಟಿ, "ಯಾರೋ ನಿನಗ ಕಲಿಸಿದವರು?" ಎಂದರು. ಅವನು ನನ್ನ ಕಡೆಗೆ ಕೈ ತೋರಿಸಿದ. "ಇವರ್ರಿ. ಇವರ ಮನೀಗೆ ದಿನಾ ಹೋಗತಿದ್ದೆ."

ಮನೆಗೆ ಬರುತ್ತಿದ್ದ, ಮನೆಯೊಳಗೆ ಅಲ್ಲ ಎಂದು ನಾನು ಹೇಳಬೇಕಿತ್ತು. "ಹುಡುಗ ಚುರುಕದಾನ್ರಿ, ನಂದೇನದ" ಎಂದು ವಿನಯದಿಂದ ಕೈ ಮುಗಿದೆ. ಮಗ ಸೋತರೂ ರಾವಸಾಹೇಬರು ದೊಡ್ಡ ಮನಸ್ಸಿನವರು. ಕಮಿಟಿ ಮುಂದಿನ ತಿಂಗಳೇ ನನ್ನನ್ನು ಕಾಯಂ ಮಾಡಿತು. ಕೇಳದೇ ಸಿಕ್ಕ ದಕ್ಷಿಣೆ.

ಆರ್ಡರು ಕೈಗೆ ಬಂದ ಸಂಜೆ ಯಲ್ಲಪ್ಪ ಎಂದಿನಂತೆ ಬಂದು ಬೀದಿಯಲ್ಲಿ ಕೂತ. ನನ್ನಾಕೆ ಆರ್ಡರನ್ನು ದೇವರ ಮುಂದಿಟ್ಟು ಬಂದು, "ಇನ್ನರೆ ಆ ಹುಡುಗನ್ನ ಒಳಗ ಕರೀರಿ" ಎಂದಳು.

"ಓಣಿ ಮಂದಿ ಏನಂದಾರು?" ಎಂದೆ.

ಆಕೆ ಅಡುಗೆಮನೆಗೆ ಹೋದಳು. ಯಲ್ಲಪ್ಪನ ವಾದದಲ್ಲಿ ಒಂದು ತಪ್ಪಿತ್ತು, ಮೂವರು ತೀರ್ಪುಗಾರರಿಗೂ ಅದು ಕಂಡಿರಲಿಲ್ಲ. ನೌಕರಿ ಕಾಯಂ ಆದರೆ ಮಾಸ್ತರನ ಅಂಜಿಕೆ ಹೋಗುತ್ತದೆ ಎಂದು ಆ ಹುಡುಗ ನಿಜವಾಗಿಯೂ ನಂಬಿದ್ದ.