ಸಮುದ್ರದ ಮೇಲೆ ಐದು ಕಲೆ

ಸಿಟ್ಟಿನ ವಿಷಯದಲ್ಲಿ ನಾನು ಸ್ವಾವಲಂಬಿ. ಬೇರೆಯವರಿಗೆ ಸಿಟ್ಟು ಬರಬೇಕಾದರೆ ಯಾರಾದರೂ ಏನಾದರೂ ಮಾಡಬೇಕಾಗುತ್ತದೆ. ಅಷ್ಟೆಲ್ಲ ಕಾಯುವ ತಾಳ್ಮೆ ನನಗಿಲ್ಲ. ವಿಜಯಪುರದಿಂದ ಹೊನವಾಡದ ಕಡೆ ಹೋಗುವ ಬಸ್ಸು ತಡವಾಗಿ ಬಂದರೆ ಸಿಟ್ಟು, ವೇಳೆಗೆ ಸರಿಯಾಗಿ ಬಂದರೆ ನಾನಿನ್ನೂ ಓಡಿ ಬರುತ್ತಿರುವಾಗಲೇ ಬಂತಲ್ಲ ಎಂದು ಇನ್ನೂ ಸಿಟ್ಟು. ನಮ್ಮ ಮನೆಯವರು ಇದಕ್ಕೊಂದು ಉಪಾಯ ಮಾಡಿದ್ದಾರೆ. ತಂಪು ಪಾನೀಯದ ದೊಡ್ಡ ಖಾಲಿ ಬಾಟಲಿಗೆ ನೀರು ತುಂಬಿ ಫ್ರೀಜರಿನಲ್ಲಿಟ್ಟು, ಬೆಳಿಗ್ಗೆ ಆ ಮಂಜುಗಡ್ಡೆಯನ್ನು ನನ್ನ ಕೈಗೆ ಕೊಟ್ಟು ಕಳಿಸುತ್ತಾರೆ. "ಸಾಲಿ ಮುಟ್ಟೂದ್ರಾಗ ಇದು ಕರಗ್ತೈತಿ. ನೀನೂ ಒಂಚೂರು ಕರಗು" ಎಂಬುದು ಅವರ ಆಶೀರ್ವಾದ. ಈ ಮಾತಿಗೂ ನನಗೆ ಸಿಟ್ಟು ಬರುತ್ತದೆ. ಆದರೆ ನೀರು ತಣ್ಣಗಿರುವುದರಿಂದ ಬಾಟಲಿಯನ್ನು ಬಿಟ್ಟು ಹೋಗುವುದಿಲ್ಲ.

ನಾನು ಹಳ್ಳಿಯೊಂದರ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಊರಿನ ಹೆಸರು ಬೇಡ, ಸುತ್ತ ನಾವು ಪಡ ಎನ್ನುವ ದ್ರಾಕ್ಷಿ ತೋಟ, ನಡುವೆ ಊರು ಎಂದರೆ ಸಾಕು. ಏಳನೆಯ ಇಯತ್ತೆಗೆ ಜಲಚಕ್ರದ ಪಾಠ ಬಂತೆಂದರೆ ನನ್ನ ರಕ್ತ ಕುದಿಯಲು ಶುರುವಾಗುತ್ತದೆ. ಎಲ್ಲಿಯ ಚಿತ್ರ ತೆಗೆದು ನೋಡಿ, ಎಡಕ್ಕೊಂದು ಹಿಮ ಹೊತ್ತ ಬೆಟ್ಟ, ಬಲಕ್ಕೊಂದು ಸಮುದ್ರ, ದಂಡೆಗೊಂದು ತೆಂಗಿನ ಮರ, ನೀರಿನ ಮೇಲೊಂದು ಹಡಗು. ಹಡಗಿಗೂ ಜಲಚಕ್ರಕ್ಕೂ ಏನು ಸಂಬಂಧ? ಕೇಳುವವರಿಲ್ಲ. ನಮ್ಮ ಮಕ್ಕಳು ಆ ಬೆಟ್ಟವನ್ನು ನೋಡಿಲ್ಲ, ಸಮುದ್ರವನ್ನು ನೋಡಿಲ್ಲ. ಹೀಗಾಗಿ ನೀರು ಎಂಬುದು ಬೇರೆ ದೇಶದಲ್ಲಿ ತಿರುಗಾಡುವ ವಸ್ತು, ನಮ್ಮೂರಿಗೆ ಬರುವುದು ಮಾತ್ರ ಬೋರಿನಿಂದ ಎಂದು ತಿಳಿದುಕೊಂಡಿದ್ದಾರೆ.

ಈ ಸಲ ತಿಕೋಟಾದಲ್ಲಿ ಮಕ್ಕಳ ವಿಜ್ಞಾನ ಪ್ರದರ್ಶನವಿತ್ತು. ನಮ್ಮ ಶಾಲೆಗೆ ಬಂದ ವಿಷಯವೂ ಜಲಚಕ್ರವೇ. ನಾನು ಹಟ ಹಿಡಿದೆ. ಹಡಗು ಇಲ್ಲ, ಹಿಮ ಇಲ್ಲ. ಸಮುದ್ರ ಇರಲಿ, ಅದನ್ನು ಬಿಟ್ಟರೆ ಕೆಲಸ ನಡೆಯದು. ಉಳಿದದ್ದೆಲ್ಲ ನಮ್ಮದೇ ಇರಬೇಕು. ಚಿತ್ರ ಬರೆದವಳು ರೇಣುಕಾ. ಅವಳ ತಾಯಿ ಒಣದ್ರಾಕ್ಷಿ ಶೆಡ್ಡಿನಲ್ಲಿ ಕೂಲಿ ಮಾಡುತ್ತಾಳೆ. ಹುಡುಗಿ ಮಾತು ಕಡಿಮೆ, ಕೈ ಚುರುಕು. ದೊಡ್ಡ ಹಾಳೆಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ಪಡ, ಶೆಡ್ಡು, ಬೋರು, ಹಳ್ಳ, ಮೋಡ ಎಲ್ಲವನ್ನೂ ಬರೆದು, ಬಲತುದಿಯಲ್ಲಿ ನೀಲಿ ಸಮುದ್ರ ತುಂಬಿದಳು. ತಿಕೋಟಾಕ್ಕೆ ಹೋಗಿ ಅದನ್ನು ವಿವರಿಸುವವಳೂ ಅವಳೇ. ತಾಯಿ ಒಂದು ದಿನದ ಕೂಲಿ ಬಿಟ್ಟು ಮಗಳ ಮಾತು ಕೇಳಲು ಬರುವವಳಿದ್ದಳು.

ಪ್ರದರ್ಶನದ ಹಿಂದಿನ ದಿನ ಬಿಸಿಯೂಟದ ಗಂಟೆ ಹೊಡೆದಾಗ ಚಿತ್ರ ತರಗತಿಯ ಮೇಜಿನ ಮೇಲೆ ಹರಡಿತ್ತು. ನಾನು ಬಡಿಸಲು ಹೋದೆ. ಊಟ ಮುಗಿದು ಬಂದು ನೋಡಿದರೆ ಸಮುದ್ರದ ನಟ್ಟನಡುವೆ ಐದು ಕಲೆ! ನೀಲಿ ಬಣ್ಣ ಕದಡಿ, ಐದು ಕಡೆ ಹಾಳೆ ಬೆಳ್ಳಗಾಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಹೆಡ್ ಮಾಸ್ತರು ಬಂದರು. ಅವರಿಗೆ ಪತ್ತೇದಾರಿಕೆಯ ಹುಚ್ಚು. ಶಾಲೆಯಲ್ಲಿ ಸೀಮೆಸುಣ್ಣ ಕಳೆದರೂ ಕೈ ಹಿಂದೆ ಕಟ್ಟಿಕೊಂಡು ಅಡ್ಡಾಡುತ್ತಾರೆ.

"ಐದು ಕಲೆ ಅಂದ್ರ ಐದು ಬೆರಳು. ಹಸಿ ಕೈ ಇಟ್ಟಾರ. ಊಟದ ವ್ಯಾಳ್ಯಾದಾಗ ಇಲ್ಲಿಂದ ಹೊರಗ ಬಂದಾಕಿ ರೇಣುಕಾ. ನಾನ ಕಣ್ಣಾರೆ ನೋಡೇನಿ. ಇವತ್ತ ಕೊಡ ತುಂಬೂ ಪಾಳಿನೂ ಆಕೀದ. ಕೈ ಹಸಿ ಇರದ ಇನ್ನೇನಿರ್ತಾವ?"

ರೇಣುಕಾ ತಲೆ ತಗ್ಗಿಸಿದಳು. "ನಾ ಕೈ ಇಟ್ಟಿಲ್ರಿ, ಸರ್."

"ಮತ್ತ ಒಳಗ ಯಾಕ ಹೋಗಿದ್ದಿ?"

ಅವಳು ನನ್ನ ಕಡೆ ಒಮ್ಮೆ ನೋಡಿ ಮತ್ತೆ ನೆಲ ನೋಡಿದಳು. ಹೆಡ್ ಮಾಸ್ತರಿಗೆ ಅಷ್ಟೇ ಸಾಕಾಯಿತು. "ತನ್ನ ಚಿತ್ರಾನ ಸಂಭಾಳಿಸಾಕ ಬರಲಾರದಾಕಿ ತಿಕೋಟಾಕ್ಕ ಹೋಗಿ ಏನ ಮಾಡ್ತಾಳ್ರಿ? ಬ್ಯಾರೆ ಯಾರನ್ನರೆ ಕಳಸ್ರಿ" ಎಂದುಬಿಟ್ಟರು.

ನನ್ನ ಸಿಟ್ಟು ನೆತ್ತಿಗೇರಿತು. ಬರೆದವಳು ಅವಳು, ರಾತ್ರಿ ಹಗಲು ಬಾಯಿಪಾಠ ಮಾಡಿದವಳು ಅವಳು, ತನ್ನ ಸಮುದ್ರವನ್ನು ತಾನೇ ಯಾಕೆ ಕೆಡಿಸುತ್ತಾಳೆ? "ನೀರು ಅಂದ್ರ ಯಾರರೆ ಚೆಲ್ಲಿದ್ರನ ಬರ್ಬೇಕೇನ್ರಿ, ಸರ್? ಗಾಳಿಯಿಂದನೂ ಬಂದಿರಬಹುದು!" ಎಂದು ಕೂಗಿದೆ. ವಾದದ ಭರದಲ್ಲಿ ಬಾಯಿಂದ ಬಿದ್ದ ಮಾತು ಅದು. ಹೆಡ್ ಮಾಸ್ತರು ನಕ್ಕರು. "ಗಾಳಿಯಿಂದ? ತೋರಸ್ರಿ ಹಂಗಾರ." ಅವರು ನಗದೇ ಇದ್ದಿದ್ದರೆ ನಾನು ಅಲ್ಲಿಗೇ ಬಿಡುತ್ತಿದ್ದೆನೋ ಏನೋ. ಈಗ ಬಿಡುವ ಪ್ರಶ್ನೆಯೇ ಇರಲಿಲ್ಲ.

ಚಿತ್ರವನ್ನು ಗೋಡೆಗೆ ಹಚ್ಚಿಸಿ, ಕುರ್ಚಿ ಎಳೆದು ಹೆಡ್ ಮಾಸ್ತರನ್ನು ಮಕ್ಕಳ ನಡುವೆ ಕೂರಿಸಿದೆ. ಒಂದು ಬಿಳಿ ಹಾಳೆಗೆ ಅದೇ ನೀಲಿ ಸ್ಕೆಚ್ ಪೆನ್ನನ್ನು ಗಸಗಸ ತಿಕ್ಕಿ ಮೇಜಿನ ಮೇಲಿಟ್ಟೆ. ನನ್ನ ಬಾಟಲಿಯಲ್ಲಿ ಇನ್ನೂ ಮುಷ್ಟಿಯಷ್ಟು ಮಂಜುಗಡ್ಡೆ ತೇಲುತ್ತಿತ್ತು. ಅದರ ಮುಚ್ಚಳ ಬಿಗಿದು, ಮೈಯನ್ನೂ ತಳವನ್ನೂ ಸೆರಗಿನಿಂದ ಪೂರ್ತಿ ಒರೆಸಿ, ನೀರಿನ ಮಟ್ಟಕ್ಕೆ ಪೆನ್ನಿನಿಂದ ಗೆರೆ ಎಳೆದು, ಆ ಹಾಳೆಯ ಮೇಲೆ ನಿಲ್ಲಿಸಿದೆ. "ಇದನ್ನ ಯಾರೂ ಮುಟ್ಟಬ್ಯಾಡ್ರಿ" ಎಂದು ಪಾಠಕ್ಕಿಳಿದೆ.

"ಸೂರ್ಯ ಸಮುದ್ರಾನ ಕಾಸ್ತಾನ. ನೀರು ಮ್ಯಾಲ ಹೋಗಬೇಕಂದ್ರ ಕುದೀಬೇಕೇನು?" ಎಂದೆ. "ಹೂಂರಿ" ಎಂದಿತು ಅರ್ಧ ತರಗತಿ. ಅವರ ಜೊತೆ ಹೆಡ್ ಮಾಸ್ತರೂ ತಲೆ ಅಲ್ಲಾಡಿಸಿದ್ದನ್ನು ಕಂಡು ನನಗೆ ಒಳಗೊಳಗೇ ಸಂತೋಷವಾಯಿತು. ಮಲ್ಲು ಎಂಬ ಗಲಾಟೆ ಹುಡುಗ ಎದ್ದು, "ಶೆಡ್ಡಿನಾಗ ದ್ರಾಕ್ಷಿ ಕುದಸೂದಿಲ್ರಿ ಅಕ್ಕೋರ. ನೆಳ್ಳಾಗ ಜಾಳಗಿ ಮ್ಯಾಲ ಹರವ್ತಾರ. ಆದ್ರೂ ಒಣಗ್ತಾವು" ಎಂದ. ಅದೇ ಬೇಕಿತ್ತು ನನಗೆ. ಒಣ ಗಾಳಿ ಬೀಸುತ್ತಿದ್ದರೆ ನೆರಳಿನಲ್ಲೂ ನೀರು ಸದ್ದಿಲ್ಲದೆ ಆವಿಯಾಗುತ್ತದೆ, ದ್ರಾಕ್ಷಿಯ ನೀರೆಲ್ಲ ಹೋಗುವುದು ಗಾಳಿಗೇ, ಸಕ್ಕರೆ ಮಾತ್ರ ಹಣ್ಣಿನಲ್ಲಿ ಉಳಿಯುತ್ತದೆ, ಸಮುದ್ರದ ಉಪ್ಪು ಸಮುದ್ರದಲ್ಲೇ ಉಳಿದು ಮಳೆ ಸಿಹಿಯಾಗಿ ಬರುವುದೂ ಹೀಗೆಯೇ ಎಂದೆ. ಬಳ್ಳಿ ಬೇರಿನಿಂದ ಹೀರಿದ ನೀರಿನಲ್ಲಿ ಬಹುಪಾಲನ್ನು ಎಲೆಗಳ ಸಣ್ಣ ರಂಧ್ರಗಳಿಂದ ಗಾಳಿಗೆ ಬಿಡುತ್ತದೆ, ಅದಕ್ಕೆ ಬಾಷ್ಪವಿಸರ್ಜನೆ ಎನ್ನುತ್ತಾರೆ ಎಂದು ಪಡದ ಮೇಲಿನ ಬಾಣ ತೋರಿಸಿದೆ.

"ಆ ಆವಿ ಎಲ್ಲೈತ್ರಿ? ಕಾಣವಲ್ದು" ಎಂದರು ಹೆಡ್ ಮಾಸ್ತರು.

"ಕಾಣೂದಿಲ್ಲ, ಸರ್. ಈ ಖೋಲಿ ತುಂಬ ಐತಿ. ಮೋಡ ಅಂದ್ರ ಆವಿ ಅಂತ ತಿಳ್ಕೊಂಡೀರಿ, ಅಲ್ಲ. ಬಿಸಿ ಗಾಳಿ ಮ್ಯಾಲೇರಿ, ಹಿಗ್ಗಿ ತಣ್ಣಗಾಗ್ತೈತಿ. ತಣ್ಣಗಿನ ಗಾಳ್ಯಾಗ ಅಷ್ಟು ಆವಿ ಹಿಡಸೂದಿಲ್ಲ. ಧೂಳಿನ ಕಣ ಹಿಡ್ಕೊಂಡು ಅದು ಸಣ್ಣ ಸಣ್ಣ ಹನಿ ಆಗ್ತೈತಿ. ಅದು ಸಾಂದ್ರೀಕರಣ. ಆ ಹನಿಗಳ ಗುಂಪೇ ಮೋಡ."

ಹನಿಗೆ ಹನಿ ಕೂಡಿ ಭಾರವಾದಾಗ ಮಳೆ. ಪಡುವಣ ಸಮುದ್ರದ ಗಾಳಿ ಸಹ್ಯಾದ್ರಿ ಹತ್ತುವಾಗ ತಣ್ಣಗಾಗಿ ಆ ಕಡೆಯೇ ನೀರು ಸುರಿಸಿ, ಈ ಕಡೆ ಇಳಿಯುವಾಗ ಬೆಚ್ಚಗಾಗಿ ಒಣಗುತ್ತದೆ, ನಮ್ಮ ಪಾಲಿಗೆ ಉಳಿಕೆ. ಇದನ್ನು ಹೇಳುವಾಗ ನನಗೆ ಸಹ್ಯಾದ್ರಿಯ ಮೇಲೂ ಸಿಟ್ಟು ಬಂತು. ಬಿದ್ದ ಮಳೆಯಲ್ಲಿ ಒಂದಿಷ್ಟು ಅಲ್ಲೇ ಮತ್ತೆ ಆವಿಯಾಗುತ್ತದೆ. ಒಂದಿಷ್ಟು ಹಳ್ಳ ಸೇರಿ, ಡೋಣಿ ನದಿಗೆ, ಕೃಷ್ಣೆಗೆ, ಕೊನೆಗೆ ಮೂಡಣ ಸಮುದ್ರಕ್ಕೆ ಹೋಗುತ್ತದೆ. ಇನ್ನೊಂದಿಷ್ಟು ಎರೆಮಣ್ಣಿನಲ್ಲಿ ನಿಧಾನವಾಗಿ ಇಂಗಿ, ಕಲ್ಲಿನ ಬಿರುಕುಗಳಲ್ಲಿ ಅಂತರ್ಜಲವಾಗಿ ನಿಲ್ಲುತ್ತದೆ. ಬೋರು ಎತ್ತುವುದು ಅದನ್ನೇ. ಅದನ್ನು ಬಳ್ಳಿ ಕುಡಿದು ಮತ್ತೆ ಗಾಳಿಗೆ ಬಿಡುತ್ತದೆ. ಎಲ್ಲಿಂದ ಶುರು ಎಂದು ಕೇಳಿದರೆ ಯಾರೂ ಹೇಳಲಾರರು. ಬೋರಿನ ನೀರೂ ಒಂದು ಕಾಲಕ್ಕೆ ಮೋಡವಾಗಿತ್ತು ಎಂದಾಗ ಮಕ್ಕಳು ಕಿಟಕಿಯಾಚೆಯ ಮೋಡವನ್ನು ಹೊಸದಾಗಿ ನೋಡಿದರು.

"ಈಗ ಬಾಟಲಿ ನೋಡ್ರಿ!" ಎಂದು ತಿರುಗಿದೆ. ಬಾಟಲಿಯ ಮೈಯೆಲ್ಲ ಹನಿ. ಮುಚ್ಚಳ ಬಿಗಿಯಾಗಿಯೇ ಇತ್ತು, ಒಳಗಿನ ನೀರು ಗೆರೆಯಿಂದ ಕೆಳಗಿಳಿದಿರಲಿಲ್ಲ. "ಒಳಗಿನ ನೀರು ಹೊರಗ ಬಂದಿಲ್ಲ. ಬಾಟಲಿ ತಣ್ಣಗೈತಿ, ಅದಕ್ಕ ಹತ್ತಿದ ಗಾಳಿ ತಣ್ಣಗಾಗಿ ತನ್ನ ಆವಿ ಬಿಟ್ಟುಕೊಟ್ಟೈತಿ. ಬ್ಯಾಸಗ್ಯಾಗ ಗಾಳಿ ಒಣ ಇರ್ತೈತಿ, ಒಂಚೂರು ಬೆವತ್ರೂ ಆರಿ ಹೋಗ್ತೈತಿ. ಈಗ ಮೋಡಾ ಮುಸುಕಿದ ಗಾಳಿ, ಅದಕ್ಕ ಧಾರಿ ಇಳಿದೈತಿ. ಯಾರೂ ಚೆಲ್ಲಲಾರದ ನೀರು ಬಂತೋ ಇಲ್ಲೋ, ಸರ್?" ಎಂದು ಗೆದ್ದ ಸಿಟ್ಟಿನಲ್ಲಿ ಬಾಟಲಿ ಎತ್ತಿ ಹಿಡಿದೆ.

ತರಗತಿ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಕೆಳಗಿನ ಹಾಳೆಯನ್ನು ನೋಡುತ್ತಿದ್ದರು. ಅಂಥ ಬಾಟಲಿಗಳ ತಳಕ್ಕೆ ಐದು ಉಬ್ಬುಗಾಲು ಇರುತ್ತವೆ ಎಂಬುದು ನಿಮಗೆ ಗೊತ್ತಿರಬಹುದು. ದಿನಾ ಹೊತ್ತು ತಿರುಗುವ ನನಗೆ ಗೊತ್ತಿರಲಿಲ್ಲ. ಹಾಳೆಯ ಮೇಲೆ ದುಂಡಗೆ ಐದು ಕಲೆ. ಮಲ್ಲು ಓಡಿ ಹೋಗಿ ಆ ಹಾಳೆಯನ್ನು ಗೋಡೆಯ ಸಮುದ್ರದ ಪಕ್ಕ ಹಿಡಿದ. ತದ್ರೂಪು.

ಹೆಡ್ ಮಾಸ್ತರು ಕೈ ಹಿಂದೆ ಕಟ್ಟಿಕೊಂಡು ಎದ್ದು ನಿಂತರು. ಆ ಮನುಷ್ಯನ ಮುಖದಲ್ಲಿ ಅಂಥ ಕಳೆ ನಾನು ಹಿಂದೆಂದೂ ಕಂಡಿರಲಿಲ್ಲ. "ಗಾಳಿಯಿಂದನ ಬಂದೈತಿ ಬಿಡ್ರಿ, ಅಕ್ಕೋರ" ಎಂದಷ್ಟೇ ಹೇಳಿ ಹೊರಟುಹೋದರು. ರೇಣುಕಾ ತಿಕೋಟಾಕ್ಕೆ ಹೋಗುವುದು ಖಾತ್ರಿಯಾಯಿತು.

ಆಗ ನೆನಪಾಯಿತು. ಬಡಿಸಲು ಹೋಗುವ ಅವಸರದಲ್ಲಿ ಬಾಟಲಿಯನ್ನು ಮೇಜಿನ ಮೇಲೆ ಕುಕ್ಕಿದವಳು ನಾನು. ಊಟದ ನಡುವೆ "ಯಾರರೆ ನನ್ನ ಬಾಟಲಿ ತರ್ರಿ" ಎಂದು ಕೂಗಿದವಳೂ ನಾನು. ತಂದುಕೊಟ್ಟವಳು ರೇಣುಕಾ. ಅಂದರೆ ಸಮುದ್ರದ ಮೇಲೆ ಬಾಟಲಿ ನಿಂತದ್ದನ್ನು ಅವಳು ಕಂಡಿದ್ದಳು. ಅವಳನ್ನು ಹತ್ತಿರ ಕರೆದು, "ಹುಚ್ಚಿ, ಅವ್ರು ಅಷ್ಟು ಬೈಯಾಕತ್ತಾಗ ಯಾಕ ಹೇಳಲಿಲ್ಲ? ತಿಕೋಟಾ ತಪ್ಪತಿತ್ತಲ್ಲ!" ಎಂದೆ.

"ಹೆಡ್ ಮಾಸ್ತರ್ ಬೈದ್ರ ನಡೀತೈತ್ರಿ" ಎಂದಳು ಮೆಲ್ಲಗೆ. "ನಿಮಗ ಸಿಟ್ಟು ಬರ್ತೈತಿ ಅಂತ ಹೇಳಲಿಲ್ರಿ."

ಮಕ್ಕಳಿಗೆ ಹೆಡ್ ಮಾಸ್ತರಿಗಿಂತ ನನ್ನ ಭಯವೇ ಹೆಚ್ಚು ಎಂಬುದನ್ನು ಇಷ್ಟು ವರ್ಷ ಯಾರೂ ನನಗೆ ತಿಳಿಸಿರಲಿಲ್ಲ. ತಿಳಿಸಲು ಅವರಿಗೂ ಭಯವಿದ್ದಿರಬೇಕು.

ತಿಕೋಟಾದಲ್ಲಿ ರೇಣುಕಾ ಅದೇ ಚಿತ್ರವನ್ನು ತೂಗುಹಾಕಿದಳು. ಬಣ್ಣ ತುಂಬಿ ಸರಿಮಾಡೋಣ ಎಂದರೆ ಕೇಳಿರಲಿಲ್ಲ. ಕಲೆಗಳ ಪಕ್ಕ ಬಾಣ ಎಳೆದು "ಸಾಂದ್ರೀಕರಣ" ಎಂದು ಬರೆದಿದ್ದಳು. ತೀರ್ಪುಗಾರರು ಬಂದು ಅಲ್ಲೇ ಬೆರಳಿಟ್ಟು ಕೇಳಿದರು. ಜನರ ನಡುವೆ ನಿಂತ ತಾಯಿಗೂ ಕೇಳುವಂತೆ ಅವಳು ಗಟ್ಟಿಯಾಗಿ ಹೇಳಿದಳು: "ಇದು ಖರೇ ಖರೇ ಆಗೈತ್ರಿ. ನಮ್ಮ ಅಕ್ಕೋರು ತಣ್ಣನ ಬಾಟ್ಲಿ ಮರತು ಇದರ ಮ್ಯಾಲ ಇಟ್ಟಿದ್ರು. ಗಾಳ್ಯಾಗಿನ ಆವಿ ಹನಿ ಆಗಿ ಇಳದೈತ್ರಿ."

ಜನ ನಕ್ಕರು. ಅವಳು ಮಾತು ನಿಲ್ಲಿಸಿ ನನ್ನ ಮುಖ ನೋಡಿದಳು. ಸಿಟ್ಟಿಲ್ಲ ಎಂದು ಅವಳಿಗೆ ಗೊತ್ತಾಗಲೆಂದು ನಾನು ಇದ್ದ ಶಕ್ತಿಯನ್ನೆಲ್ಲ ಹಾಕಿ ನಕ್ಕೆ. ಪಕ್ಕದಲ್ಲಿದ್ದ ಬೇರೆ ಶಾಲೆಯ ಮಾಸ್ತರೊಬ್ಬರು ಗಾಬರಿಯಿಂದ ನನ್ನತ್ತ ಬಾಗಿ ಕೇಳಿದರು: "ಹಲ್ಲು ಭಾಳ ನೋಯಾಕತ್ತಾವೇನ್ರಿ, ಮೇಡಂ?"