ಅತ್ತೆಯ ಮೂಗು ಮತ್ತು ನನ್ನ ಮಿಕ್ಸರ್

ನಾನು ಹೆದರುತ್ತಿದ್ದದ್ದು ಅತ್ತೆಯ ಬಾಯಿಗಲ್ಲ, ಮೂಗಿಗೆ! ಹಟ್ಟಿಕೇರಿಯ ನಮ್ಮ ಮನೆಯಲ್ಲಿ ಅವರು ಕೂರುವುದು ಹೊರಗಿನ ಜಗುಲಿಯಲ್ಲಿ, ನಾನು ಸಾರು ಕುದಿಸುವುದು ಹಿತ್ತಿಲ ಬದಿಯಲ್ಲಿ. ನಡುವೆ ಎರಡು ಕೋಣೆ, ಒಬ್ಬ ಮಾವ, ಭಾವನ ಇಬ್ಬರು ಮಕ್ಕಳು. ಇಷ್ಟನ್ನೆಲ್ಲ ದಾಟಿ ವಾಸನೆ ಅಲ್ಲಿಗೆ ಹೋಗಿ, ಬೆನ್ನಿಗೇ ತೀರ್ಪು ಬರುತ್ತಿತ್ತು.

"ತೆಫಲ ಬೇಗ ಹಾಕ್ಬಿಟ್ಯಲ್ಲೇ! ಬಂಗಡೆ ಸಾರೋ, ಕಷಾಯವೋ?"

ತೆಫಲ ಎಂದರೆ ಮೀನುಸಾರಿಗೆ ಕೊನೆಯಲ್ಲಿ ಜಜ್ಜಿ ಹಾಕುವ ಘಮದ ಕಾಯಿ. ಮಸಾಲೆಯನ್ನು ಒರಳುಕಲ್ಲಿನಲ್ಲೇ ಅರೆಯಬೇಕು ಎಂಬುದು ಅವರ ಕಾನೂನು. ಮಿಕ್ಸರ್ ಸದ್ದು ಕೇಳಿದರೆ ಆ ದಿನ ಊಟಕ್ಕೇ ಬರುತ್ತಿರಲಿಲ್ಲ. ಬಾಣಂತನ ಮುಗಿಸಿ ಬಂದ ನನಗೋ ಮಣಿಕಟ್ಟು ನೋವು. ನಾನೂ ಓರಗಿತ್ತಿ ಅಕ್ಕನೂ ಸೇರಿ ಒಂದು ಉಪಾಯ ಮಾಡಿದೆವು. ಒಳಕೋಣೆಯ ಬಾಗಿಲು ಹಾಕಿ, ಮಿಕ್ಸರಿಗೆ ದಪ್ಪ ಟವೆಲ್ ಸುತ್ತಿ ನಾನು ಕಾಯಿ, ಮೆಣಸು ರುಬ್ಬುವುದು. ಅದೇ ಹೊತ್ತಿಗೆ ಹಿತ್ತಿಲಲ್ಲಿ ಅಕ್ಕ ಖಾಲಿ ಒರಳನ್ನು ಗಡಗಡ ತಿರುಗಿಸುವುದು! ಅತ್ತೆ ಉಂಡು, "ಹ್ಞಾಂ, ಕಲ್ಲಲ್ಲಿ ಅರೆದ ರುಚಿಯೇ ಬೇರೆ" ಎಂದರು. ನಾವಿಬ್ಬರೂ ಸೆರಗು ಬಾಯಿಗೆ ತುರುಕಿಕೊಂಡು ಅಡುಗೆಮನೆಗೆ ಓಡಿದೆವು. ನಾಲ್ಕು ತಿಂಗಳು ಇದೇ ನಾಟಕ ನಡೆಯಿತು.

ಮಗುವಿನ ವಿಷಯದಲ್ಲಿ ಮಾತ್ರ ಯಾವ ನಾಟಕವೂ ನಡೆಯಲಿಲ್ಲ. ಡಾಕ್ಟರು ಜೇನು ಬೇಡ ಎಂದರೆ ಅತ್ತೆಗೆ ಡಾಕ್ಟರೇ ಬೇಡ. ಬಜೆ ತೇಯ್ದು ನೆಕ್ಕಿಸುವುದು ಬೇಡ ಎಂದಾಗ ಕೇಳಿಯೇಬಿಟ್ಟರು: "ನಿನ್ನ ಗಂಡನ್ನ ಎಂತ ಪುಸ್ತಕ ನೋಡಿ ಬೆಳೆಸ್ದೆ ನಾನು?" ಗಂಡನನ್ನು ನೋಡಿದರೆ ನನಗೆ ಹೇಳಲು ಉತ್ತರ ಬಹಳವಿತ್ತು. ಸೊಸೆಯಾದವಳಿಗೆ ಹೇಳಲಾಗುತ್ತದೆಯೇ?

ರಜೆ ಮುಗಿಯಿತು. ಏಳು ತಿಂಗಳ ಮಗಳನ್ನು ಇದೇ ಅತ್ತೆಯ ಮಡಿಲಿಗೆ ಹಾಕಿ ನಾನು ಕಾರವಾರದ ಕಚೇರಿಗೆ ಹೋಗಬೇಕಿತ್ತು. ಅಡುಗೆಮನೆಯ ಗೋಡೆಗೆ ಚೀಟಿ ಅಂಟಿಸಿದೆ. ಜೇನು ಬೇಡ, ಬಜೆ ಬೇಡ, ಉಪ್ಪು ಸಕ್ಕರೆ ಬೇಡ, ನೀರು ಕುದಿಸಿ ಆರಿಸಿ. ಅತ್ತೆಗೆ ಓದು ಬಾರದು. ಚೀಟಿಯನ್ನೂ ನನ್ನನ್ನೂ ಒಂದೇ ಥರ ನೋಡಿದರು. ಬಸ್ಸಿನಲ್ಲಿ ಕಾರವಾರದವರೆಗೂ ಅಳುತ್ತಲೇ ಹೋದೆ. ಇವತ್ತೇ ಜೇನು ನೆಕ್ಕಿಸುತ್ತಾರೆ, ನೌಕರಿ ಬಿಡುವುದೇ ಸೈ ಅಂತ ತೀರ್ಮಾನಿಸಿದ್ದೆ.

ಸಂಜೆ ಓಡೋಡಿ ಬಂದರೆ ಮಗಳು ನಿದ್ದೆಯಲ್ಲಿದ್ದಳು. ಚೀಟಿಯ ಮೇಲೆಲ್ಲ ರಾಗಿ ಕೈಯ ಗುರುತು. "ಹೊತ್ತು ಹೊತ್ತಿಗೂ ನನ್ನತ್ರ ಓದಿಸ್ಕಂಡ್ರು ಮಾರಾಯ್ತಿ, ಗಂಟಲು ಒಣಗ್ತು" ಎಂದಳು ಅಕ್ಕ.

"ನಿನ್ನ ಚೀಟಿಯಲ್ಲಿದ್ದ ಹಾಂಗೇ ಮಾಡ್ದೆ. ರಾಗಿ ಮಾತ್ರ ಒರಳಲ್ಲೇ ಅರೆದು, ಬಟ್ಟೆಯಲ್ಲಿ ಸೋಸಿ ಕೂಸಿಗೆ ಮಣ್ಣಿ ಕಾಸ್ದೆ" ಎಂದರು ಅತ್ತೆ. ಆಮೇಲೆ ತಣ್ಣಗೆ, "ಖಾಲಿ ಒರಳಿನ ಸದ್ದು ನಂಗೆ ತಿಳಿಯೂದಿಲ್ಲ ಅಂದ್ಕಂಡ್ರೇನೇ ನೀವಿಬ್ರು?"

ನಾನು ಹೆಗಲ ಚೀಲ ಅಲ್ಲೇ ಇಳಿಸಿದೆ. "ಮತ್ತೆ... ಯಾಕೆ ಸುಮ್ನಿದ್ರಿ ಅತ್ತೆ?"

"ನಿನ್ನ ಕೈ ನೋಯ್ತಿತ್ತಲ್ಲ."

ಅಷ್ಟೇ. ರಾತ್ರಿ ಊಟಕ್ಕೆ ಕೂತಾಗ ನನ್ನ ಬಟ್ಟಲಿಗೆ ಬಂಗಡೆಯ ನಡುತುಂಡು ಹಾಕಿದರು. ನನಗೆ ತಡೆಯಲಾಗಲಿಲ್ಲ, ಉಣ್ಣುತ್ತಲೇ ಅತ್ತುಬಿಟ್ಟೆ.

"ಕಣ್ಣೀರು ಸಾರಿಗೆ ಬೀಳ್ತದೆ ಕಾಣು" ಎಂದರು ಅತ್ತೆ, ಸೆರಗಿನಿಂದ ನನ್ನ ಮುಖ ಒರೆಸುತ್ತ. "ಬೆಳಗ್ಗೆ ನೀನು ಹಾಕಿಟ್ಟು ಹೋದ ಉಪ್ಪೇ ಜಾಸ್ತಿಯಾಗ್ಯದೆ."