ಹುಬ್ಬು ಗಂಟಿಕ್ಕಿದ ಹಲ್ಲಿನ ಡಾಕ್ಟರು

ಅಕ್ಕ: ನಗಬೇಡ ಅಂತ ಬಡ್ಕೊಂಡೆ! ಮತ್ತೆ ಯಾಕೋ ಹಲ್ಲು ಕಿರಿದೆ?

ಡಾಕ್ಟರ್: ಹಲ್ಲಿನ ಡಾಕ್ಟರು ಹಲ್ಲು ತೋರಿಸದೆ ಇನ್ನೇನು ತೋರಿಸ್ಲಿ?

ಅಕ್ಕ: ಹುಬ್ಬು ಗಂಟು ಹಾಕ್ಕೊಂಡು ನಕ್ರೆ ಯಾರಿಗಾದ್ರೂ ಎದೆ ಧಸಕ್ ಅನ್ನುತ್ತೆ. ಮಗು ಇಣುಕಿದ್ದೇ ತಡ, ಕಿರುಚಿ ಓಡ್ತು.

(ಮಕ್ಕಳ ಹಲ್ಲಿನ ಆಸ್ಪತ್ರೆ. ತಮ್ಮ ಡಾಕ್ಟರು, ಅಕ್ಕನೇ ನರ್ಸು. ಹೊರಗಿನ ಬೆಂಚಿನಲ್ಲಿ ಆರು ವರ್ಷದ ಪುಟ್ಟಿ ಅಜ್ಜಿಯ ಬೆನ್ನ ಹಿಂದೆ ಅವಿತಿದ್ದಾಳೆ. ಅವಳ ದವಡೆ ಹಲ್ಲು ಹುಳುಕಾಗಿದೆ. ಇವತ್ತು ತುಂಬಿಸದಿದ್ದರೆ ಕೀಳಲೇಬೇಕು. ಹಿಂದೆ ಮೂರು ಸಲ ಬಂದಾಗಲೂ ಅವಳು ಬಾಗಿಲು ದಾಟಿಲ್ಲ.)

ಡಾಕ್ಟರ್: ಓಡೋಕೆ ಕಣ್ಣು ಮಿಟುಕಿಸೋಷ್ಟು ಹೊತ್ತೂ ಬೇಡ ಅಕ್ಕ. ಮುಖ ಕಂಡ ತಕ್ಷಣ ಮನಸ್ಸು ತೀರ್ಪು ಕೊಟ್ಬಿಡುತ್ತೆ. ಆಮೇಲೆ ಎಷ್ಟು ಹೊತ್ತು ನೋಡಿದ್ರೂ ತೀರ್ಪು ಹೆಚ್ಚುಕಮ್ಮಿ ಅದೇ. ಅದೇ ಸರಿ ಅನ್ನೋ ನಂಬಿಕೆ ಮಾತ್ರ ಜಾಸ್ತಿ ಆಗುತ್ತೆ.

ಅಕ್ಕ: ಆ ತೀರ್ಪು ಸರಿನಾ?

ಡಾಕ್ಟರ್: ಎಷ್ಟೋ ಸಲ ತಪ್ಪು! ಹುಬ್ಬು ಕೆಳಗಿಳಿದಿದ್ರೆ ಸಾಕು, ಸಿಟ್ಟು ಅಂತ ಓದ್ಕೊಳುತ್ತೆ. ಮಕ್ಕಳಂದ್ರೆ ಪ್ರಾಣ ನನಗೆ. ಮಕ್ಕಳೇ ನನ್ನ ಕಂಡ್ರೆ ಓಡ್ತಾರಲ್ಲ ಅಕ್ಕ!

ಅಕ್ಕ: ಹೋದ ಸಲ ಬಲೂನು ಕೊಟ್ಯಲ್ಲ?

ಡಾಕ್ಟರ್: ಬಲೂನು ಊದೋಕೆ ನಾನು ಬಾಯಿ ತೆಗೀಬೇಕು, ತೆಗೆದ ತಕ್ಷಣ ಇಕ್ಕಳ ಹಾಕ್ತಾರೆ ಅಂತ ಅಜ್ಜಿಗೆ ಹೇಳಿದ್ಳಂತೆ. ಒಂದು ಸಲ ಕೆಟ್ಟವನು ಅನಿಸಿದ್ಮೇಲೆ ಒಳ್ಳೇದು ಮಾಡಿದ್ರೂ ಅದು ಸಂಚೇ ಅನಿಸುತ್ತೆ.

ಅಕ್ಕ: ನಿನ್ನೆ ತರಕಾರಿ ಅಂಗಡೀಲಿ ಅದೇ ಮಗು ನಿನಗೆ ಕ್ಯಾರೆಟ್ ಆರಿಸಿಕೊಟ್ಟು ಗಂಟಲು ನೋಯೋವರೆಗೂ ಹರಟಿತ್ತಲ್ಲ?

ಡಾಕ್ಟರ್: ಅದೇ ನೋಡು ವಿಚಿತ್ರ. ಮೊದಲ ಅನಿಸಿಕೆ ಸಾಮಾನ್ಯವಾಗಿ ಹೋದಲ್ಲೆಲ್ಲಾ ಬೆನ್ನಿಗೆ ಬರುತ್ತೆ, ಅಲ್ಲಿ ಕೋಟು ಇರ್ಲಿಲ್ಲ ಅಂತ ಬಚಾವಾದೆ. ಆಮೇಲೆ ಕಂಡ ಒಳ್ಳೇತನ ಕಂಡ ಜಾಗದಲ್ಲೇ ಉಳಿಯುತ್ತೆ. ನಾನು ಒಳ್ಳೇವನಾಗಿರೋದು ತರಕಾರಿ ಅಂಗಡೀಲಿ ಮಾತ್ರ!

ಅಕ್ಕ: ಹಾಗಿದ್ರೆ ತರಕಾರಿ ಅಂಗಡೀನೇ ಇಲ್ಲಿಗೆ ತರೋಣ. ಕೋಟು ಬಿಚ್ಚು!

(ಪಕ್ಕದ ಅಂಗಡಿಯಿಂದ ತರಕಾರಿ ಬರುತ್ತದೆ. ಐದು ನಿಮಿಷದಲ್ಲಿ ಹಲ್ಲಿನ ಕುರ್ಚಿಯ ಮೇಲೆ ಕ್ಯಾರೆಟ್ ರಾಶಿ, ಕೈ ತೊಳೆಯುವ ಬೋಗುಣಿಯಲ್ಲಿ ಎಲೆಕೋಸು. ಡಾಕ್ಟರು ಚೀಲ ಹಿಡಿದು ಬದನೆಕಾಯಿ ತೂಗುತ್ತಾ ನಿಂತಿದ್ದಾರೆ. ಅಕ್ಕ ಪುಟ್ಟಿಯನ್ನು ಒಳಗೆ ಕಳಿಸುತ್ತಾಳೆ.)

ಪುಟ್ಟಿ: ಅಯ್ಯೋ, ತರಕಾರಿ ಮಾಮ! ನಿಮ್ಮನ್ನೂ ಹಿಡ್ಕೊಂಡು ಬಂದ್ರಾ?

ಡಾಕ್ಟರ್: ಯಾರು ಕಂದ?

ಪುಟ್ಟಿ: ಇಲ್ಲೊಬ್ಬ ಸಿಡುಕ ಡಾಕ್ಟರ್ ಇದಾನೆ. ಸುಮ್ನೆ ಬನ್ನಿ, ಓಡೋಣ!

(ಅವಳು ಅವರ ಕೈ ಹಿಡಿದು ಬಾಗಿಲಿಗೆ ಎಳೆಯುತ್ತಾಳೆ. ಡಾಕ್ಟರು ಬದನೆಕಾಯಿ ಸಮೇತ ಎರಡು ಹೆಜ್ಜೆ ಓಡಿಯೂ ಬಿಡುತ್ತಾರೆ.)

ಅಕ್ಕ: ನೀನೆಲ್ಲೋ ಓಡ್ತೀಯ! ಪುಟ್ಟಿ, ಸಿಡುಕ ಡಾಕ್ಟರೂ ಇವನೇ ಕಣೆ.

ಪುಟ್ಟಿ: ಸುಳ್ಳು! ಆ ಡಾಕ್ಟರು ನನ್ನ ಹೀಗೆ ಗುರಾಯಿಸಿದ್ರು.

ಅಕ್ಕ: ಗುರಾಯಿಸಿದ್ದಲ್ಲ. ಅವನಿಗೆ ದೂರದ್ದು ಕಾಣಲ್ಲ. ಬಾಗ್ಲಲ್ಲಿ ಯಾರು ಬಂದ್ರು ಅಂತ ಕಣ್ಣು ಕಿರಿದು ಮಾಡಿ ಹುಡುಕ್ತಿದ್ದ. ಅಂಗಡೀಲಿ ನೀನು ಪಕ್ಕದಲ್ಲೇ ಇದ್ದೆ, ಅದಕ್ಕೆ ಹುಬ್ಬು ಗಂಟಿಕ್ಕಲಿಲ್ಲ.

(ಪುಟ್ಟಿ ಡಾಕ್ಟರ ಮುಖವನ್ನು ಹತ್ತಿರದಿಂದ ನೋಡುತ್ತಾಳೆ. ಬಾಗಿಲವರೆಗೆ ಓಡಿ ಅಲ್ಲಿಂದ ನೋಡುತ್ತಾಳೆ. ಡಾಕ್ಟರ ಹುಬ್ಬು ಇಳಿದು ಗಂಟಾಗುತ್ತದೆ. ಓಡಿ ಬರುತ್ತಾಳೆ, ಹುಬ್ಬು ಏರುತ್ತದೆ.)

ಪುಟ್ಟಿ: ಅಯ್ಯೋ ಪಾಪ! ಮಾಮಂಗೆ ಕಾಣ್ತಿರ್ಲಿಲ್ಲ ಅಷ್ಟೇ!

ಡಾಕ್ಟರ್: ಕೇಳಿದ್ಯಾ ಅಕ್ಕ? ಬಲೂನಿಂದ ಆಗಲಿಲ್ಲ, ನಗುವಿನಿಂದ ಆಗಲಿಲ್ಲ! ಮೊದಲು ಕಂಡದ್ದಕ್ಕೇ ಬೇರೆ ಅರ್ಥ ಸಿಕ್ಕಿತು ನೋಡು, ಒಂದೇ ಏಟಿಗೆ ಎಲ್ಲಾ ಬದಲು! ಬಾ ಕಂದ, ಬಾಯಿ ತೆಗಿ.

(ಪುಟ್ಟಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಾಳೆ.)

ಪುಟ್ಟಿ: ಕಣ್ಣು ಕಾಣದವರು ನನ್ನ ಬಾಯಿಗೆ ಕೈ ಹಾಕೋದಾ? ಪಕ್ಕದ ಹಲ್ಲು ಕಿತ್ರೆ?

ಡಾಕ್ಟರ್: ಹಲ್ಲು ಹತ್ತಿರಾನೇ ಅಲ್ವಾ, ಅದು ಚೆನ್ನಾಗಿ ಕಾಣುತ್ತೆ!

ಅಕ್ಕ: ಮುದುಕನ ಹಾಗೆ ಕಾಣ್ತೀನಿ ಅಂತ ಕನ್ನಡಕ ಡ್ರಾಯರಿನಲ್ಲಿ ಬಚ್ಚಿಟ್ಟಿದೀಯಲ್ಲ, ಹಾಕ್ಕೋ ಈಗ. ಹಲ್ಲಿಗಲ್ಲದಿದ್ರೂ ಹುಬ್ಬಿಗಾದ್ರೂ!

(ಕನ್ನಡಕ ಏರಿತು. ಹಣೆಯ ಗಂಟು ಬಿಚ್ಚಿತು. ಪುಟ್ಟಿ ಬಾಗಿಲಿನಿಂದ ಇನ್ನೊಮ್ಮೆ ನೋಡಿ, ಒಪ್ಪಿ, ಕ್ಯಾರೆಟ್ ಪಕ್ಕಕ್ಕೆ ಸರಿಸಿ ಕುರ್ಚಿ ಹತ್ತಿದಳು. ಹಲ್ಲು ತುಂಬಿಸಿದ್ದೂ ಆಯಿತು. ಡಾಕ್ಟರು ಖುಷಿಯಿಂದ ತಲೆಯೆತ್ತಿ, ಕೋಣೆಯ ಆ ತುದಿಯಲ್ಲಿ ನಿಂತ ಅಕ್ಕನನ್ನು ಕನ್ನಡಕದಲ್ಲಿ ಸ್ಪಷ್ಟವಾಗಿ ನೋಡಿ ಬೆಚ್ಚಿಬಿದ್ದರು.)

ಡಾಕ್ಟರ್: ಅಕ್ಕ! ನನ್ನ ಮೇಲೆ ಯಾಕೆ ಇಷ್ಟು ಸಿಟ್ಟು?

ಅಕ್ಕ: ಯಾವ ಸಿಟ್ಟೋ? ಹುಟ್ಟಿದಾಗಿನಿಂದ ನನ್ನ ಮುಖ ಇರೋದೇ ಹೀಗೆ!

(ಡಾಕ್ಟರು ಒಂದು ಹೆಜ್ಜೆ ಹಿಂದೆ ಸರಿದರು.)

ಪುಟ್ಟಿ: ಹೆದರ್ಕೋಬೇಡಿ ಮಾಮ. ನಾನಿದೀನಿ, ನನ್ನ ಕೈ ಹಿಡ್ಕೊಳ್ಳಿ.